ಒಂದೇ ಪಿಡಿಎಫ್ ನಕ್ಷೆಯಲ್ಲಿ ಪದರಗಳನ್ನು ತೋರಿಸುವುದು, ಅಡಗಿಸುವುದು

ಪ್ರಶ್ನೆ: ಚಿತ್ರದುರ್ಗ ಕೋಟೆಯ ನಕ್ಷೆಯನ್ನು QGIS ಎಂಬ ನಕ್ಷೆ ತಂತ್ರಾಂಶದಲ್ಲಿ ಮಾಡಿದ್ದೇನೆ. ಪಿಡಿಎಫ್‌ನಲ್ಲಿ ಹೊಂಡಗಳನ್ನು ಬೇಕಾದಾಗ ತೋರಿಸಿ, ಬೇಡವಾದಾಗ ಅಡಗಿಸಬಹುದಾ?

ಉತ್ತರ: ಆಗುತ್ತದೆ. ಪಿಡಿಎಫ್ 1.5ರಿಂದಲೇ ಈ ಸೌಲಭ್ಯ ಇದೆ. ಪುಟದ ಗೆರೆಗಳಿಗೆ ಒಂದು ಗುಂಪಿನ ಗುರುತು ಹಾಕಿರುತ್ತಾರೆ, ಓದುವ ತಂತ್ರಾಂಶ ಆ ಗುಂಪನ್ನು ಆನ್ ಅಥವಾ ಆಫ್ ಮಾಡುತ್ತದೆ. ಈ ಗುಂಪೇ ಪದರ, ಅಂದರೆ ಲೇಯರ್.

ಮೊದಲು ಕೋಟೆ ಗೋಡೆ, ದಾರಿ, ಹೊಂಡ ಮೂರೂ ಬೇರೆ ಬೇರೆ ಲೇಯರ್ ಆಗಿರಲಿ. ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ಎರಡನ್ನೂ ಹೊಂಡದ ಲೇಯರಿನಲ್ಲೇ ಬಿಡಿಸಿ. ಪ್ರಿಂಟ್ ಲೇಔಟ್‌ನಿಂದ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ‘Create Geospatial PDF’ ಆಯ್ಕೆಗೆ ಟಿಕ್ ಹಾಕಿ. ಅಲ್ಲೇ ಲೇಯರ್‌ಗಳ ಪಟ್ಟಿ ಬರುತ್ತದೆ, ತೆರೆದ ಕೂಡಲೇ ಯಾವುದು ಕಾಣಬೇಕು ಅಂತ ಆರಿಸಬಹುದು. ಗೋಡೆ ಆನ್ ಇರಲಿ, ಹೊಂಡ ಆಫ್ ಇರಲಿ.

ಸರಿಯಾಗಿದೆಯಾ ಅಂತ ನೋಡಲು ಫೈರ್‌ಫಾಕ್ಸ್‌ನಲ್ಲಿ ತೆರೆದು ಪಕ್ಕದ ಪಟ್ಟಿಯಲ್ಲಿ ಲೇಯರ್‌ಗಳನ್ನು ಹುಡುಕಿ. ಅಲ್ಲಿ ಏನೂ ಇಲ್ಲದಿದ್ದರೆ ಎಕ್ಸ್‌ಪೋರ್ಟ್‌ನಲ್ಲೇ ಪದರ ಹೋಗಿದೆ ಎಂದರ್ಥ. ಆ ಫೈಲನ್ನು ಮತ್ತೆ ‘ಪ್ರಿಂಟ್ ಟು ಪಿಡಿಎಫ್’ ಮಾಡಬೇಡಿ, ಎಲ್ಲಾ ಪದರಗಳೂ ಒಂದಾಗಿಬಿಡುತ್ತವೆ. ಮೊಬೈಲ್‌ನ ಎಷ್ಟೋ ಆ್ಯಪ್‌ಗಳಲ್ಲಿ ಆನ್-ಆಫ್ ಮಾಡುವ ಬಟನ್ನೇ ಇರುವುದಿಲ್ಲ. ಹಾಗಾಗಿ ಮೊದಲ ನೋಟದಲ್ಲೇ ಮುಖ್ಯವಾದದ್ದು ಕಾಣಬೇಕು.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಅಡಗಿಸಿದ ಪದರ ಫೈಲಿನಲ್ಲೇ ಉಳಿದಿರುತ್ತದೆ, ಯಾರು ಬೇಕಾದರೂ ಆನ್ ಮಾಡಬಹುದು. ಮನೆ ಮಾಲೀಕರ ಹೆಸರಿನಂಥ ಖಾಸಗಿ ವಿವರ ಇದ್ದರೆ, ಆ ಲೇಯರನ್ನು ತೆಗೆದೇ ಎಕ್ಸ್‌ಪೋರ್ಟ್ ಮಾಡಿ.