ಉಳಿದದ್ದು ಕೋಟಿಯಲ್ಲ, ಮೂವತ್ತು ಸಾವಿರ

"ಮಾನ್ಯ ಸಂಪಾದಕರೇ, ಬಹುರಾಷ್ಟ್ರೀಯ ಕಂಪನಿಗಳು ಅಂಗಸಂಸ್ಥೆಗಳ ನಡುವಿನ ಬಾಕಿಗಳನ್ನು ಪರಸ್ಪರ ವಜಾ ಮಾಡಿಕೊಂಡು ಕರೆನ್ಸಿ ವಿನಿಮಯದ ಖರ್ಚು ತಗ್ಗಿಸುವ ಬಗ್ಗೆ ಲೇಖನ ಕಳುಹಿಸಿದ್ದೇನೆ. ತಪ್ಪುಗಳಿದ್ದರೆ ಮುಲಾಜಿಲ್ಲದೆ ತಿಳಿಸಿ."

ಮಾನ್ಯರೇ,

ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಆದರೆ ನೀವು ಆರಿಸಿಕೊಂಡ ಉದಾಹರಣೆ ಬಹಳ ಒಳ್ಳೆಯದು, ಅದನ್ನು ಕೈಬಿಡಬೇಡಿ. ಜರ್ಮನಿಯ ಘಟಕ ಬ್ರಿಟನ್ನಿನ ಘಟಕಕ್ಕೆ 50 ಲಕ್ಷ ಡಾಲರ್ ಮೌಲ್ಯದ ಬಾಕಿ ಕೊಡಬೇಕು, ಬ್ರಿಟನ್ ಜಪಾನಿಗೆ 40 ಲಕ್ಷ, ಜಪಾನ್ ಜರ್ಮನಿಗೆ 30 ಲಕ್ಷ. ಇಲ್ಲಿ ಯಾವ ಇಬ್ಬರ ನಡುವೆಯೂ ಕೊಡುವುದು ಮತ್ತು ಬರುವುದು ಎರಡೂ ಇಲ್ಲ. ಆದ್ದರಿಂದ ಇಬ್ಬಿಬ್ಬರೇ ಕುಳಿತು ಲೆಕ್ಕ ಹೊಂದಿಸಿದರೆ ಒಂದು ಡಾಲರ್ ಕೂಡ ವಜಾ ಆಗುವುದಿಲ್ಲ. ಮೂವರ ಬಾಕಿಯನ್ನೂ ಪರಸ್ಪರ ವಜಾ ಮಾಡಿ ಲೆಕ್ಕ ತೀರಿಸುವ ಒಂದೇ ನೆಟ್ಟಿಂಗ್ ಕೇಂದ್ರಕ್ಕೆ ತಂದಾಗ ಮಾತ್ರ ಜರ್ಮನಿ 20 ಲಕ್ಷ ಕಟ್ಟುತ್ತದೆ, ಬ್ರಿಟನ್ ಮತ್ತು ಜಪಾನಿಗೆ ತಲಾ 10 ಲಕ್ಷ ಸಿಗುತ್ತದೆ. ಬಹುಪಕ್ಷೀಯ ನೆಟ್ಟಿಂಗ್ ಎಂಬ ಮಾತಿನ ಅರ್ಥವೆಲ್ಲ ಇಲ್ಲಿದೆ. ನೀವು ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ದೊಡ್ಡ ತಪ್ಪು ಮುಂದಿನ ಸಾಲಿನಲ್ಲಿದೆ. "ಹೀಗೆ ಕಂಪನಿಗೆ ಒಂದು ಕೋಟಿ ಡಾಲರ್ ಉಳಿಯಿತು" ಎಂದು ಬರೆದಿದ್ದೀರಿ. ಉಳಿಯಲಿಲ್ಲ. 1.2 ಕೋಟಿಯ ಬದಲು 20 ಲಕ್ಷ ಮಾತ್ರ ಕರೆನ್ಸಿ ಬದಲಾಯಿತು, ಅಷ್ಟೇ. ಬ್ಯಾಂಕು ಕೊಳ್ಳುವ ಮತ್ತು ಮಾರುವ ದರಗಳ ಅಂತರದಿಂದ ಶೇ 0.3ರಷ್ಟು ಖರ್ಚು ತಗಲುತ್ತದೆ ಎಂದುಕೊಳ್ಳಿ. ಮೊದಲು 36,000 ಡಾಲರ್ ಹೋಗುತ್ತಿತ್ತು, ಈಗ 6,000. ತಿಂಗಳ ಉಳಿತಾಯ 30,000 ಡಾಲರ್. ಸಂಖ್ಯೆ ಚಿಕ್ಕದಾಗಿ ಕಂಡರೂ ಇದೇ ನಿಜ, ಇದನ್ನೇ ಬರೆಯಿರಿ.

ವಿನಿಮಯದ ಅಪಾಯವೂ ಇಲ್ಲವಾಗುತ್ತದೆ ಎಂಬ ವಾಕ್ಯವನ್ನು ತೆಗೆಯಿರಿ. ಇನ್ವಾಯ್ಸ್ ಬರೆದ ದಿನದಿಂದ ಕೇಂದ್ರವು ದರ ನಿಗದಿ ಮಾಡುವ ದಿನದವರೆಗೆ ಪೌಂಡ್, ಯೆನ್ ಏರಿಳಿಯುತ್ತಲೇ ಇರುತ್ತವೆ.

ನೀವು ಮುಟ್ಟದೇ ಇರುವುದು ತಕರಾರಿನ ಇನ್ವಾಯ್ಸ್. ಕೆಲಸ ಕೆಡುವುದು ಬಹುಪಾಲು ಇಲ್ಲೇ. ಜಪಾನ್ 40 ಲಕ್ಷ ಬರಬೇಕೆನ್ನುತ್ತದೆ, ಸರಕು ಕಡಿಮೆ ಬಂದಿದೆಯೆಂದು ಬ್ರಿಟನ್ 36 ಲಕ್ಷವನ್ನಷ್ಟೇ ಒಪ್ಪುತ್ತದೆ. ಕೊಡುವವರು ಒಪ್ಪಿದ ಮೊತ್ತವನ್ನೇ ಹಿಡಿಯುವ ಪದ್ಧತಿಯಿದ್ದರೆ ಈ ತಿಂಗಳು 36 ಲಕ್ಷ ಲೆಕ್ಕಕ್ಕೆ ಬರುತ್ತದೆ, ಉಳಿದ 4 ಲಕ್ಷ ಬಾಕಿಯಾಗಿಯೇ ಇರುತ್ತದೆ. ಆ ಬಾಕಿ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ವ್ಯವಸ್ಥೆ ಸೊರಗುತ್ತಿದೆ ಎಂದು ತಿಳಿಯಬೇಕು.

ಕೊನೆಯಲ್ಲಿ ಬೆಂಗಳೂರಿನ ಘಟಕವನ್ನೂ ಇದೇ ಲೆಕ್ಕಕ್ಕೆ ಸೇರಿಸಿದ್ದೀರಿ. ಅದರ ಸಾಫ್ಟ್‌ವೇರ್ ಸೇವೆಯ ಆದಾಯವನ್ನು ಆಮದು ಯಂತ್ರಗಳ ಬಾಕಿಗೆ ವಜಾ ಮಾಡಿದ್ದೀರಿ. ಸಮೂಹದೊಳಗಿನ ಇಂಥ ಹೊಂದಾಣಿಕೆಗೆ ರಿಸರ್ವ್ ಬ್ಯಾಂಕ್ 2020ರ ಡಿಸೆಂಬರ್‌ನಲ್ಲಿ ದಾರಿ ತೆರೆಯಿತು, ಆದರೆ ಸರಕಿನ ಬಾಕಿಯನ್ನು ಸೇವೆಯ ಬಾಕಿಗೆ ವಜಾ ಮಾಡಲು ಅದು ಬಿಡಲಿಲ್ಲ. ಆ ಭಾಗವನ್ನು ಹೊಸದಾಗಿ ಬರೆದು ಕಳುಹಿಸಿ, ನಾನೇ ಓದುತ್ತೇನೆ.

ಸಂಪಾದಕ