ಕಟ್ಟೆಯ ಮೀನಿಗೆ ಒಂದು ಸಂಖ್ಯೆ ಸಾಕೇ?

ಸಂಪಾದಕರೇ, ಇಂತಿಷ್ಟೇ ಹಿಡಿದರೆ ಮೀನು ಎಂದೂ ಕಡಿಮೆ ಆಗಲ್ಲ ಅನ್ನುವ ಲೆಕ್ಕ ಇದೆಯಂತೆ. ‘ಗರಿಷ್ಠ ಸುಸ್ಥಿರ ಇಳುವರಿ’ ಅಂತಾರೆ. ನಮ್ಮ ಕನ್ನಂಬಾಡಿ ಕಟ್ಟೆಗೂ ಅಂಥ ಒಂದು ಸಂಖ್ಯೆ ಗೊತ್ತು ಮಾಡಿದರೆ ಜಗಳವೇ ಇರಲ್ಲ ಅಲ್ವಾ?
– ಓದುಗರೊಬ್ಬರು, ಪಾಂಡವಪುರ

ಜಗಳ ಬೇಡ ಅನ್ನುವ ನಿಮ್ಮ ಮನಸ್ಸು ದೊಡ್ಡದು. ಲೆಕ್ಕವೂ ಅಂದವಾಗಿಯೇ ಇದೆ, ಅದನ್ನು ಒಪ್ಪೋಣ. ನೀರಲ್ಲಿ ಮೀನು ತುಂಬಿದರೆ ಮೇವು ಸಾಲದು, ಸಂಖ್ಯೆ ಏರದು. ತೀರಾ ಕಡಿಮೆ ಇದ್ದರೆ ಮರಿ ಹಾಕುವವೇ ಇಲ್ಲ. ನೀರು ಹಿಡಿಸುವುದರಲ್ಲಿ ಅರ್ಧದಷ್ಟು ಇದ್ದಾಗ ವರ್ಷಕ್ಕೆ ಹೊಸದಾಗಿ ಸೇರುವ ಹೆಚ್ಚುವರಿ ಅತಿ ಜಾಸ್ತಿ. ಆ ಹೆಚ್ಚುವರಿಯನ್ನು ಎಣಿಸುವ ಸೂತ್ರವನ್ನು 1954ರಲ್ಲಿ ಶೇಫರ್ ಎಂಬ ವಿಜ್ಞಾನಿ ಕೊಟ್ಟರು.

ಸಾವಿರ ಟನ್ ಮೀನು ಹಿಡಿಸುವ ನೀರು, ಬೆಳವಣಿಗೆ ದರ 0.4 ಅನ್ನಿ. 500 ಟನ್ ಇದ್ದಾಗ ಅರ್ಧ ಜಾಗ ಖಾಲಿ; 500 ಅನ್ನು 0.4ರಿಂದ, ಮತ್ತೆ ಆ ಅರ್ಧದಿಂದ ಗುಣಿಸಿದರೆ ವರ್ಷಕ್ಕೆ 100 ಟನ್ ಹೆಚ್ಚುತ್ತದೆ. ಅಷ್ಟೇ ಹಿಡಿದರೆ ಮತ್ತೆ 500. ಆದರೆ ಮಳೆ ಕೈಕೊಟ್ಟು ಮೀನು 400ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಈಗ ಹೆಚ್ಚುವುದು 96. ನೀವು ಗೊತ್ತು ಮಾಡಿದ ಸಂಖ್ಯೆಯಂತೆ 100 ಹಿಡಿದಿರಿ, ಉಳಿದದ್ದು 396. ಹೀಗೇ ಇಳಿದು ಇಳಿದು 300ಕ್ಕೆ ಬಂದಾಗ ಹೆಚ್ಚುವುದು 84 ಮಾತ್ರ, ಹಿಡಿಯುವುದು ಆಗಲೂ 100. ಇಳಿತ ವರ್ಷವರ್ಷಕ್ಕೂ ಜೋರಾಗುತ್ತದೆ.

ಪೆರುವಿನ ಆಂಚೊವೆಟಾ ಕಥೆ ಕೇಳಿ. ಪುಟ್ಟ ಮೀನು, ಹೆಚ್ಚಿನದು ಮೀನಿನ ಹಿಟ್ಟಾಗುತ್ತಿತ್ತು. ವರ್ಷಕ್ಕೆ ಸುಮಾರು 95 ಲಕ್ಷ ಟನ್ ಹಿಡಿಯಬಹುದು ಎಂದು ತಜ್ಞರು ಇದೇ ಬಗೆಯ ಲೆಕ್ಕ ಹಾಕಿದ್ದರು. 1970ರಲ್ಲಿ ಹಿಡಿದದ್ದು 1.2 ಕೋಟಿ ಟನ್‌ಗೂ ಮೇಲೆ. ಸಂಖ್ಯೆ ಮೀರಿದ್ದು ತಪ್ಪೇ. ಆದರೆ ಅಷ್ಟೇ ಅಲ್ಲ. 1972ರಲ್ಲಿ ಎಲ್ ನಿನೊ ಬಂದು ಸಮುದ್ರ ಬಿಸಿಯಾಯಿತು. ತಣ್ಣೀರಿನ ಮೀನು ದಡದ ಹತ್ತಿರ ಉಳಿದ ತಂಪು ಪಟ್ಟಿಯಲ್ಲಿ ಒತ್ತೊತ್ತಾಗಿ ಸೇರಿತು. ಬಲೆ ಬಿಟ್ಟಲ್ಲೆಲ್ಲ ತುಂಬಿತು. ಬೋಟಿಗೆ ಎಷ್ಟು ಸಿಕ್ಕಿತು ಅನ್ನುವುದರಿಂದ ಮೀನು ಎಷ್ಟಿದೆ ಅಂತ ಅಳೆಯುವವರಿಗೆ ಎಲ್ಲ ಚೆನ್ನಾಗಿಯೇ ಕಂಡಿತು! 1973ಕ್ಕೆ ಸಿಕ್ಕಿದ್ದು 20 ಲಕ್ಷ ಟನ್‌ಗೂ ಕಡಿಮೆ.

ಇನ್ನು ನಮ್ಮ ಕಟ್ಟೆ. ಭರ್ತಿಯಾದರೆ 124.80 ಅಡಿ, 90 ಅಡಿಗಿಂತ ಕೆಳಗಿಳಿದ ಬೇಸಿಗೆಗಳೂ ಉಂಟು. ಸಾವಿರ ಟನ್ ಹಿಡಿಸುವ ನೀರು ಎಂದು ಯಾವ ಮಟ್ಟ ನೋಡಿ ಹೇಳೋದು ಸ್ವಾಮಿ? ಬೇಸಿಗೆಯಲ್ಲಿ ಮೀನು ಗುಂಡಿಗಳಿಗೆ ಸೇರಿದಾಗ ತೆಪ್ಪದವರ ಬಲೆ ತುಂಬುತ್ತದೆ, ಅದನ್ನೇ ಸಮೃದ್ಧಿ ಅಂತ ಬರೆದುಕೊಳ್ಳುತ್ತಾರೆ. ಜೊತೆಗೆ ಕಾಟ್ಲಾ, ರೋಹು ಮರಿಗಳನ್ನು ನಾವೇ ತಂದು ಬಿಡುತ್ತೇವೆ. ತಾನಾಗಿ ಹುಟ್ಟಿ ಹೆಚ್ಚುವ ಮೀನಿನ ಸೂತ್ರ ಅವಕ್ಕೆ ಎಲ್ಲಿ ಹೊಂದೀತು?

ಎಲ್ಲಕ್ಕೂ ಒಂದೇ ಸಂಖ್ಯೆ ಅನ್ನುವ ಹುಚ್ಚು ಮೀನಿಗಷ್ಟೇ ಅಂಟಿಲ್ಲ ಬಿಡಿ. ಬೆಳೆ ವಿಮೆ ಕೇಳಲು ಹೋದ ನನ್ನ ಭಾವನಿಗೆ, ಇಡೀ ಹೋಬಳಿಯ ಇಳುವರಿ ಚೆನ್ನಾಗಿದೆ ಅಂದರಂತೆ. ಅವನ ಗದ್ದೆಗೆ ನಾಲೆ ನೀರೇ ತಲುಪಿರಲಿಲ್ಲ.

ಸಂಖ್ಯೆಯ ಬದಲು ಪಾಲು ಕೇಳಿ. ಇರುವ ಮೀನಿನ ಐದರಲ್ಲಿ ಒಂದು ಪಾಲು ಅಂದರೆ 500 ಇದ್ದಾಗ ಅದೇ 100. 400ಕ್ಕೆ ಇಳಿದಾಗ 80 ಹಿಡಿಯುತ್ತೀರಿ, 96 ಹೆಚ್ಚುತ್ತದೆ, ಮೀನು ಮತ್ತೆ ಏರುತ್ತದೆ. ಇದಕ್ಕೂ ಇರುವುದೆಷ್ಟು ಅಂತ ವರ್ಷವರ್ಷ ಅಳೆಯಲೇಬೇಕು, ಸುಮ್ನೆ ಕೂತು ಆಗುವ ಕೆಲಸವಲ್ಲ. ಮುಂದಿನ ಪತ್ರದಲ್ಲಿ ನಿಮ್ಮ ಕಡೆಯ ತೆಪ್ಪದವರು ಯಾವ ತಿಂಗಳು, ನೀರು ಎಷ್ಟು ಅಡಿ ಇದ್ದಾಗ, ಎಷ್ಟು ಹೊತ್ತು ಬಲೆ ಬಿಟ್ಟರು ಅಂತ ಬರೆಯಿರಿ. ಅಚ್ಚು ಹಾಕುತ್ತೇನೆ.