‘ನೋಡುವ’ ಅಂತ ಮಾತ್ರ ಬರೆಯಬೇಡಿ

*ಸಂಪಾದಕರೇ, ಮಂಗಳೂರಿನ ಒಂದು ಕಂಪೆನಿ ನನಗೆ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಕೊಟ್ಟಿದೆ. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಮಗಳು ಯುಕೆಜಿ. ದಿನಾ ಉಡುಪಿಯಿಂದ ಹೋಗಿ ಬರುವುದು ಆಗುವುದಿಲ್ಲ. ಆದರೆ ಮುಂದೆ ಅಲ್ಲೇ ಕೆಲಸ ಮಾಡುವ ಆಸೆ ಇದೆ. ಗೆಳತಿ, ‘ಸುಮ್ನೆ ಇದ್ದುಬಿಡು, ಅವರೇ ಅರ್ಥ ಮಾಡ್ಕೊಳ್ತಾರೆ’ ಅನ್ನುತ್ತಾಳೆ. ಏನು ಮಾಡಲಿ? – ಓದುಗಿ, ಉಡುಪಿ*

ತಂಗೀ, ಗೆಳತಿಯ ಮಾತಿನಲ್ಲಿ ಒಂದಿಷ್ಟು ನ್ಯಾಯವಿದೆ. ಇಂಟರ್‌ವ್ಯೂ ಮಾಡಿ, ಆಯ್ಕೆಯಾಗದವರಿಗೆ ಒಂದು ಸಾಲು ತಿಳಿಸದ ಕಂಪೆನಿಗಳು ಬೇಕಾದಷ್ಟಿವೆ. ಆದರೆ ಆ ಕಾರಣಕ್ಕೆ ನೀವೂ ಸುಮ್ಮನಿದ್ದರೆ ನಷ್ಟ ನಿಮಗೇ. ನೀವು ಸುಮ್ಮನಿರುವಷ್ಟು ದಿನ ಆ ಕೆಲಸವನ್ನು ಎರಡನೆಯವರಿಗೆ ಕೊಡುವಂತಿಲ್ಲ. ಕಾದು ಕಾದು ಸಾಕಾದವರು ನಿಮ್ಮ ಹೆಸರನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ, ಬೇರೆ ರೀತಿಯಲ್ಲಿ.

ನಮ್ಮ ಊರಿನ ದೊಡ್ಡ ತೊಂದರೆ ‘ನೋಡುವ’ ಅನ್ನುವ ಮಾತು. ತುಳುವಿನಲ್ಲಿ ‘ತೂಕ’. ಮದುವೆಗೆ ಕರೆದರೂ ‘ನೋಡುವ’, ಸಾಲ ಕೇಳಿದರೂ ‘ನೋಡುವ’. ‘ಆಗುವುದಿಲ್ಲ’ ಅಂದರೆ ಎದುರಿನವರಿಗೆ ಬೇಜಾರಾಗುತ್ತದೆ ಅನ್ನುವ ಮರ್ಯಾದೆ ಅದು, ಒಪ್ಪುತ್ತೇನೆ. ಆದರೆ ಎಷ್ಟು ಎಲೆ ಹಾಕಬೇಕು ಅಂತ ಲೆಕ್ಕ ಹಾಕುವ ಅಡುಗೆಯವರನ್ನು ಕೇಳಿ, ‘ನೋಡುವ’ ಎಷ್ಟು ಕಷ್ಟ ಕೊಡುತ್ತದೆ ಅಂತ ಹೇಳುತ್ತಾರೆ.

ಕೆಲಸದ ಪತ್ರದಲ್ಲಿ ಅದು ಇನ್ನೂ ಕೆಟ್ಟದು. ‘ಸದ್ಯಕ್ಕೆ ಸ್ವಲ್ಪ ಕಷ್ಟ, ಯೋಚಿಸುತ್ತಿದ್ದೇನೆ’ ಅಂತ ಬರೆದರೆ ಸಂಬಳ ಜಾಸ್ತಿ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಸಾವಿರ ಏರಿಸಿ ಮತ್ತೆ ಫೋನ್ ಮಾಡುತ್ತಾರೆ. ಆಗ ನೀವು ‘ಇಲ್ಲ’ ಅಂದರೆ ಮೊದಲೇ ಹೇಳಬಾರದಿತ್ತಾ ಅನಿಸುವುದು ಸಹಜ, ಅಲ್ವಾ?

ಹಾಗಾಗಿ ಗುರುವಾರ ಬೆಳಿಗ್ಗೆ ಎಚ್‌ಆರ್‌ನವರಿಗೆ ಒಂದು ಫೋನ್ ಮಾಡಿ. ಎರಡು ನಿಮಿಷ ಸಾಕು. ಆಮೇಲೆ ಆಫರ್ ಬಂದ ಅದೇ ಮೇಲ್‌ಗೆ ಉತ್ತರವಾಗಿ ಬರೆಯಿರಿ. ಹೊಸ ಮೇಲ್ ಬೇಡ, ಹಳೆಯ ವಿವರ ಕೆಳಗೇ ಇರಲಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ಮಾನ್ಯರೇ, ಅಕೌಂಟ್ಸ್ ವಿಭಾಗದ ಕೆಲಸಕ್ಕೆ ನೀವು ಕಳಿಸಿದ ಆಫರ್ ತಲುಪಿದೆ, ಧನ್ಯವಾದ. ಯೋಚಿಸಿ ನೋಡಿದೆ, ಈ ಕೆಲಸವನ್ನು ನಾನು ಒಪ್ಪಿಕೊಳ್ಳಲಾಗುತ್ತಿಲ್ಲ. ಮಗಳು ಚಿಕ್ಕವಳು, ದಿನಾ ಉಡುಪಿಯಿಂದ ಓಡಾಡುವುದು ಈಗ ಸಾಧ್ಯವಿಲ್ಲ. ಜಿಎಸ್‌ಟಿ ಕೆಲಸ ನಿಮ್ಮಲ್ಲಿ ಹೇಗೆ ನಡೆಯುತ್ತದೆ ಅಂತ ಇಂಟರ್‌ವ್ಯೂನಲ್ಲಿ ಬಿಡಿಸಿ ಹೇಳಿದ್ದು ನನಗೆ ತುಂಬ ಇಷ್ಟವಾಯಿತು. ಉಡುಪಿ ಕಡೆ ಅಥವಾ ಮನೆಯಿಂದ ಮಾಡಬಹುದಾದ ಕೆಲಸ ಬಂದರೆ ದಯವಿಟ್ಟು ತಿಳಿಸಿ. ಮುಂದಿನ ವರ್ಷ ಜೂನ್‌ನಿಂದ ಮಂಗಳೂರಿಗೂ ಬರಬಲ್ಲೆ.”

ಇಷ್ಟೇ. ‘ಇಲ್ಲ’ ಎರಡನೇ ಸಾಲಿನಲ್ಲೇ ಬಂತು, ಕಾರಣ ಒಂದೇ ಸಾಲು. ಗಂಡನ ಡ್ಯೂಟಿ, ಅತ್ತೆಯ ಮಂಡಿನೋವು, ಬಸ್ಸಿನ ರಶ್ಶು ಎಲ್ಲ ಹೇಳಹೊರಟರೆ, ಒಂದೊಂದಕ್ಕೂ ಅವರು ಪರಿಹಾರ ಹುಡುಕಿ ಕೊಡುತ್ತಾರೆ. ಬೇರೆ ಕಂಪೆನಿ ಎಷ್ಟು ಕೊಡುತ್ತದೆ ಅನ್ನುವುದಂತೂ ಬೇಡವೇ ಬೇಡ. ಕೊನೆಯ ಎರಡು ಸಾಲು ಗಮನಿಸಿ. ‘ಮುಂದೆ ಅವಕಾಶ ಸಿಕ್ಕರೆ ನೆನಪಿಡಿ’ ಅಂತ ಎಲ್ಲರೂ ಬರೆಯುತ್ತಾರೆ, ಯಾರಿಗೂ ನೆನಪಿರುವುದಿಲ್ಲ. ಎಂಥ ಕೆಲಸ, ಯಾವಾಗಿನಿಂದ ಅಂತ ಹೇಳಿದರೆ ಅವರು ಹುಡುಕಲು ಸುಲಭ. ಜೂನ್‌ಗೆ ಬರಲು ನಿಜಕ್ಕೂ ಆಗುವುದಿದ್ದರೆ ಮಾತ್ರ ಆ ಸಾಲು ಇರಲಿ.

ನಮ್ಮ ಪತ್ರಿಕೆಗೇ ಆದ ಅನುಭವ ಹೇಳುತ್ತೇನೆ. ಕರಡು ತಿದ್ದುವ ಕೆಲಸಕ್ಕೆ ಒಬ್ಬ ಹುಡುಗಿಯನ್ನು ಆರಿಸಿದ್ದೆವು. ಮರುದಿನವೇ ಪತ್ರ ಬಂತು: ‘ಬಿ.ಎಡ್. ಮುಗಿಸಬೇಕು, ಬರಲಾಗುವುದಿಲ್ಲ. ನಿಮ್ಮ ಪುಟ 14ರಲ್ಲಿ ಎರಡು ತಪ್ಪು ಕಂಡೆ, ಗುರುತು ಹಾಕಿದ್ದೇನೆ.’ ಆ ಪುಟವನ್ನೂ ಜೊತೆಗಿಟ್ಟಿದ್ದಳು. ಅವತ್ತೇ ಎರಡನೆಯವರನ್ನು ಕರೆದೆವು, ಯಾರಿಗೂ ತೊಂದರೆಯಾಗಲಿಲ್ಲ. ಮೂರು ವರ್ಷದ ನಂತರ ಜಾಗ ಖಾಲಿಯಾದಾಗ ಜಾಹೀರಾತು ಹಾಕಲೇ ಇಲ್ಲ. ನೇರ ಅವಳಿಗೇ ಫೋನ್ ಮಾಡಿದೆ. ಈಗ ಈ ಅಂಕಣದ ಕರಡನ್ನೂ ಅವಳೇ ತಿದ್ದುತ್ತಾಳೆ.

ಶಾಲೆಯಲ್ಲಿ ನಮಗೆ ರಜಾ ಅರ್ಜಿ ಬರೆಯಲು ಕಲಿಸುತ್ತಾರೆ. ‘ಜ್ವರ ಬಂದಿರುವುದರಿಂದ’ ಅನ್ನುವ ಸಾಲು ಎಲ್ಲರಿಗೂ ಬಾಯಿಪಾಠ. ಕೆಲಸ ಕೇಳುವ ಅರ್ಜಿಯನ್ನೂ ಕಲಿಸುತ್ತಾರೆ. ಸಿಕ್ಕಿದ್ದನ್ನು ಮರ್ಯಾದೆಯಿಂದ ಬೇಡ ಅನ್ನುವ ಪತ್ರವನ್ನು ಒಂದು ಪೀರಿಯಡ್ ಕೂಡ ಕಲಿಸುವುದಿಲ್ಲ. ಕೇಳುವುದು ಮಾತ್ರ ನಮ್ಮ ಪಾಲು, ಬೇಡ ಅನ್ನುವುದು ದೊಡ್ಡವರ ಪಾಲು ಅಂತ ಮಕ್ಕಳು ಅಂದುಕೊಂಡರೆ ತಪ್ಪು ಯಾರದ್ದು? ನಿಮ್ಮ ಗೆಳತಿಯನ್ನೂ ನಾನು ದೂರುವುದಿಲ್ಲ.

ಒಂದು ವಿಷಯ ಬಿಟ್ಟುಹೋಯಿತು. ಆಫರ್‌ಗೆ ಸಹಿ ಹಾಕಿ ಕಳಿಸಿಬಿಟ್ಟಿದ್ದೀರಾ? ಹಾಗಿದ್ದರೆ ಈ ಪತ್ರ ಸಾಲದು. ಅದರಲ್ಲಿನ ಷರತ್ತು ಓದಿ, ಕ್ಷಮೆ ಕೇಳುವ ಸಾಲು ಸೇರಿಸಿ, ಗುರುವಾರದವರೆಗೆ ಕಾಯದೆ ಇವತ್ತೇ ಫೋನ್ ಮಾಡಿ.

– ಸಂ.